ಠೇವಣಿಯ ನೂರರಲ್ಲಿ ಮೂರು ರೂಪಾಯಿ ಮೀಸಲು, ಹಾಗಾದರೆ ಬ್ಯಾಂಕ್ ಮುಂದೆ ಕ್ಯೂ ಯಾಕೆ ಬೆಳೆಯುತ್ತದೆ?

2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ತೀರ್ಮಾನ ಹೇಳಿತು. ಬ್ಯಾಂಕುಗಳು ಜನರಿಂದ ತಗೊಂಡ ಠೇವಣಿಯಲ್ಲಿ 100ಕ್ಕೆ 4 ರೂಪಾಯಿಯನ್ನು ನಗದು ಮೀಸಲು ಅಂತ ಎತ್ತಿಡಬೇಕಿತ್ತು, ಅದನ್ನು 3ಕ್ಕೆ ಇಳಿಸುತ್ತೇವೆ ಅಂತ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಾಲ್ಕು ಕಂತುಗಳಲ್ಲಿ ಇಳಿದೂ ಆಯಿತು. ಪೇಪರಿನಲ್ಲಿ ಇದು ಒಳಪುಟದ ಸುದ್ದಿ. ಆದರೆ ವಾಟ್ಸಾಪಿನಲ್ಲಿ ಬೇರೆಯದೇ ರೂಪ ತಾಳಿತು. "ನೀವು ಇಟ್ಟ ನೂರು ರೂಪಾಯಲ್ಲಿ ಬ್ಯಾಂಕಿನಲ್ಲಿ ಇರೋದು ಮೂರೇ ರೂಪಾಯಿ, ಉಳಿದಿದ್ದು ಯಾರದ್ದೋ ಸಾಲ" ಅನ್ನೋ ತರಹದ ಮೆಸೇಜು ದಾವಣಗೆರೆಯ ಎಷ್ಟು ಗ್ರೂಪ್‌ಗಳಲ್ಲಿ ಸುತ್ತಾಡಿತೋ ಗೊತ್ತಿಲ್ಲ, ನನಗಂತೂ ಸಂಬಂಧಿಕರ ಗ್ರೂಪಿನಲ್ಲೂ ಬಂತು, ವ್ಯಾಪಾರಸ್ಥರ ಗ್ರೂಪಿನಲ್ಲೂ ಬಂತು.

ಆ ಮೆಸೇಜು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಮೂರು ರೂಪಾಯಿ ನಗದು ಮೀಸಲು ಅನ್ನೋದು ನಿಜ. ಆದರೆ ಉಳಿದ 97 ಎಲ್ಲಾ ಸಾಲಕ್ಕೆ ಹೋಗುವುದಿಲ್ಲ. ಇನ್ನೂ 18 ರೂಪಾಯಿಯನ್ನು ಬ್ಯಾಂಕು ಬೇಗ ಮಾರಬಹುದಾದ ಆಸ್ತಿಯಲ್ಲಿ ಇಡಲೇಬೇಕು. ಹೆಚ್ಚುಕಮ್ಮಿ ಅದೆಲ್ಲಾ ಸರ್ಕಾರಿ ಬಾಂಡ್. ಹಾಗಾಗಿ ಸಾಲಕ್ಕೆ ಸಿಗುವುದು 79 ರೂಪಾಯಿ ಹತ್ತಿರ ಅಂದುಕೊಳ್ಳಿ. ಅದೂ ಕಡಿಮೆಯೇನಲ್ಲ. ಠೇವಣಿಯ ಬಹುಪಾಲು ನಿಜವಾಗಿಯೂ ಊರಲ್ಲಿ ಸಾಲವಾಗಿ ಓಡಾಡುತ್ತಿದೆ. ಇದು ಕಳ್ಳ ವ್ಯವಹಾರ ಅಲ್ಲ, ಬ್ಯಾಂಕ್ ಅಂದರೇ ಇದು. ಆದರೆ ನನ್ನ ಪ್ರಕಾರ ಮೆಸೇಜು ಹೆದರಿಸಬೇಕಾದ ಕಡೆ ಹೆದರಿಸದೆ, ಬೇಡದ ಕಡೆ ಹೆದರಿಸುತ್ತದೆ. ಮೀಸಲು 3 ಇದೆಯೋ 4 ಇದೆಯೋ ಅನ್ನೋದು ದೊಡ್ಡ ವಿಷಯವೇ ಅಲ್ಲ. 10 ಇದ್ದರೂ ಕ್ಯೂ ನಿಲ್ಲಬಹುದು. ಸಮಸ್ಯೆ ಇರುವುದು ಬೇರೆ ಕಡೆ.

ಒಂದು ಬ್ಯಾಂಕನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ, ದಾವಣಗೆರೆಯದ್ದು ಅಂದರೆ ಸಾಕು. ಒಂದು ಶಾಖೆ ಪಿ.ಜೆ. ಬಡಾವಣೆಯಲ್ಲಿ, ಒಂದು ಎಪಿಎಂಸಿ ಹತ್ತಿರ, ಒಂದು ಹರಿಹರದಲ್ಲಿ. ಜನರ ಠೇವಣಿ 100 ಕೋಟಿ. ಷೇರುದಾರರ ಬಂಡವಾಳ ಮತ್ತು ಇಷ್ಟು ವರ್ಷದ ಲಾಭದಲ್ಲಿ ಉಳಿಸಿದ್ದು ಸೇರಿ ಸ್ವಂತದ್ದು 10 ಕೋಟಿ. ಒಟ್ಟು 110 ಕೋಟಿ. ಇದು ಎಲ್ಲಿದೆ? ತಿಜೋರಿಯಲ್ಲಿ ನೋಟು 2 ಕೋಟಿ. ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರುವ ನಗದು ಮೀಸಲು 3 ಕೋಟಿ. ಬೇರೆ ದೊಡ್ಡ ಬ್ಯಾಂಕುಗಳಲ್ಲಿ ಇಟ್ಟಿರುವುದು 5 ಕೋಟಿ. ಸರ್ಕಾರಿ ಬಾಂಡ್ 20 ಕೋಟಿ. ಉಳಿದ 80 ಕೋಟಿ ಸಾಲ: ಮನೆ ಸಾಲ, ಅಕ್ಕಿ ಗಿರಣಿಗೆ ಕೊಟ್ಟ ಸಾಲ, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಗಳ ಓವರ್‌ಡ್ರಾಫ್ಟ್, ಚಿನ್ನದ ಸಾಲ, ಟ್ರ್ಯಾಕ್ಟರ್ ಸಾಲ. ಇದೊಂದು ಒಳ್ಳೆ ಬ್ಯಾಂಕು. ಸಾಲಗಳು ಸರಿಯಾಗಿ ಮರಳುತ್ತಿವೆ, ಅಧ್ಯಕ್ಷರು ತಮ್ಮ ಅಳಿಯನಿಗೆ ಸುಮ್ನೆ ಸಾಲ ಕೊಟ್ಟಿಲ್ಲ, ಲೆಕ್ಕ ನೆಟ್ಟಗಿದೆ.

ಈ ಬ್ಯಾಂಕಿನ ತಿಜೋರಿಯಲ್ಲಿ ಇರುವುದು 2 ಕೋಟಿ ನೋಟು. ಸಾಮಾನ್ಯ ದಿನದಲ್ಲಿ ಅಷ್ಟೂ ಬೇಕಾಗುವುದಿಲ್ಲ. ಬೆಳಿಗ್ಗೆ ಒಬ್ಬರು ಮಗಳ ಕಾಲೇಜು ಫೀಸಿಗೆ 80 ಸಾವಿರ ತೆಗೆಯುತ್ತಾರೆ, ಮಧ್ಯಾಹ್ನ ಬಟ್ಟೆ ಅಂಗಡಿಯವರು ಹಿಂದಿನ ದಿನದ ವ್ಯಾಪಾರದ ಒಂದೂವರೆ ಲಕ್ಷ ಕಟ್ಟುತ್ತಾರೆ. ಒಬ್ಬರ ಅಗತ್ಯಕ್ಕೂ ಇನ್ನೊಬ್ಬರ ಅಗತ್ಯಕ್ಕೂ ಸಂಬಂಧ ಇಲ್ಲ. ಸಂಬಂಧ ಇಲ್ಲದಿರುವುದೇ ಬ್ಯಾಂಕಿನ ಬಲ. ಸಾವಿರಾರು ಜನ ಅವರವರ ಕಾರಣಕ್ಕೆ ಹಾಕಿ ತೆಗೆದು ಮಾಡುವಾಗ ಒಟ್ಟು ಮೊತ್ತ ಹೆಚ್ಚು ಏರುಪೇರಾಗುವುದಿಲ್ಲ. ಎಲ್ಲರೂ ಒಟ್ಟಿಗೆ ತೆಗೆಯುವ ಸಂದರ್ಭಗಳೂ ಇವೆ, ಆದರೆ ಅವು ಮುಂಚೆಯೇ ಗೊತ್ತಿರುತ್ತವೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದೆ, ಜೂನ್‌ನಲ್ಲಿ ಬೀಜ ಗೊಬ್ಬರ, ಶಾಲೆ ಫೀಸು ಬರುತ್ತದೆ, ಮೆಕ್ಕೆಜೋಳ ಮಾರುಕಟ್ಟೆಗೆ ಬಂದಾಗ ಖರೀದಿದಾರರಿಗೆ ರೊಕ್ಕ ಬೇಕು. ಮ್ಯಾನೇಜರ್ ಕ್ಯಾಲೆಂಡರ್ ನೋಡಿ ಕರೆನ್ಸಿ ಚೆಸ್ಟ್, ಅಂದರೆ ನೋಟಿನ ದಾಸ್ತಾನು ಇರುವ ದೊಡ್ಡ ಶಾಖೆಯಿಂದ ಹೆಚ್ಚಿಗೆ ನೋಟು ತರಿಸಿಕೊಳ್ಳುತ್ತಾರೆ.

ಇದರ ಒಂದು ಸಣ್ಣ ನೋಟ ನಿಮಗೂ ಸಿಕ್ಕಿರಬಹುದು. ಸೈಟು ರಿಜಿಸ್ಟ್ರೇಷನ್ ಇದೆ ಅಂತಲೋ, ಮದುವೆ ಖರ್ಚಿಗೆ ಅಂತಲೋ ಒಮ್ಮೆಲೇ ಹತ್ತು ಲಕ್ಷ ನಗದು ಕೇಳಿದರೆ ಕೌಂಟರಿನವರು "ಯಜಮಾನ್ರೇ, ಮೊದಲೇ ಒಂದು ಮಾತು ಹೇಳಿದ್ರೆ ತರಿಸಿ ಇಡ್ತಿದ್ವಿ, ನಾಳೆ ಬರ್ರಿ" ಅನ್ನುತ್ತಾರೆ. ಕೆಲವರಿಗೆ ಅಲ್ಲೇ ಎದೆ ಧಸಕ್ ಅನ್ನುತ್ತದೆ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಒಂದು ಶಾಖೆ ರಾತ್ರಿ ಎಷ್ಟು ನೋಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. ಜಾಸ್ತಿಯಾದರೆ ವಾಪಸ್ ಕಳಿಸುತ್ತಾರೆ. ನೋಟಿಗೆ ಬಡ್ಡಿ ಬರುವುದಿಲ್ಲ, ಕಳ್ಳತನದ ಭಯ ಬೇರೆ.

ಈಗ ಸಾಲದ ಕಡೆ ನೋಡೋಣ. ಇಲ್ಲೇ ಹೆಚ್ಚು ಜನ ತಪ್ಪು ತಿಳಿಯುವುದು. ನಮ್ಮ ಠೇವಣಿಯ ನೋಟುಗಳನ್ನು ಎಣಿಸಿ ಸಾಲಗಾರನ ಕೈಗೆ ಕೊಡುತ್ತಾರೆ ಅನ್ನೋ ಚಿತ್ರ ತಲೆಯಲ್ಲಿ ಇರುತ್ತದೆ. ನಡೆಯುವುದು ಹಾಗಲ್ಲ. ಎಪಿಎಂಸಿಯ ಒಬ್ಬ ಮೆಕ್ಕೆಜೋಳದ ವ್ಯಾಪಾರಿಗೆ 50 ಲಕ್ಷ ಸಾಲ ಮಂಜೂರಾಯಿತು ಅಂದುಕೊಳ್ಳಿ. ಬ್ಯಾಂಕು ತನ್ನ ಪುಸ್ತಕದ ಒಂದು ಕಡೆ "ಇವರು ನಮಗೆ 50 ಲಕ್ಷ ಕೊಡಬೇಕು" ಅಂತ ಬರೆಯುತ್ತದೆ, ಇನ್ನೊಂದು ಕಡೆ ಅವರದೇ ಖಾತೆಯಲ್ಲಿ 50 ಲಕ್ಷ ಜಮಾ ಅಂತ ಬರೆಯುತ್ತದೆ. ಆ ಕ್ಷಣಕ್ಕೆ ಯಾವ ನೋಟೂ ಎಲ್ಲೂ ಹೋಗಿಲ್ಲ. ನಿಮ್ಮ ಖಾತೆಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಆದರೂ ಊರಲ್ಲಿ ಒಟ್ಟು ಠೇವಣಿ 50 ಲಕ್ಷ ಜಾಸ್ತಿಯಾಯಿತು. ಸಾಲ ಕೊಡುವುದರಲ್ಲೇ ಹೊಸ ಹಣ ಹುಟ್ಟಿತು.

ಹಾಗಾದರೆ ಬ್ಯಾಂಕು ಬೇಕಾದಷ್ಟು ಬರೆದುಕೊಳ್ಳಬಹುದಲ್ಲಾ ಅಂದರೆ, ಇಲ್ಲ. ವ್ಯಾಪಾರಿ ಸಾಲ ತಗೊಂಡಿದ್ದು ಖಾತೆಯಲ್ಲಿ ನೋಡಿಕೊಂಡು ಕೂರೋದಕ್ಕಲ್ಲ. ಸಂಜೆಯೊಳಗೆ ಜಗಳೂರು, ಹರಪನಹಳ್ಳಿ ಕಡೆಯ ರೈತರಿಗೆ ಜೋಳದ ಹಣ ಕಳಿಸುತ್ತಾರೆ. ಆ ರೈತರ ಖಾತೆ ಇರುವುದು ಬೇರೆ ಬ್ಯಾಂಕಿನಲ್ಲಿ. ನೆಫ್ಟ್ ಮಾಡಿದ ಕೂಡಲೇ ನಮ್ಮ ಬ್ಯಾಂಕು ಆ ಬ್ಯಾಂಕಿಗೆ ನಿಜವಾದ ಹಣ ಕೊಡಬೇಕಾಗುತ್ತದೆ. ಬರವಣಿಗೆಯಲ್ಲಿ ಹುಟ್ಟಿದ ಠೇವಣಿ ಬೇರೆ ಬ್ಯಾಂಕಿಗೆ ಹೋಯಿತು, ಜೊತೆಗೆ ನಮ್ಮ ಬ್ಯಾಂಕಿನ 50 ಲಕ್ಷ ಮೀಸಲನ್ನೂ ಕರೆದುಕೊಂಡು ಹೋಯಿತು. ಆದ್ದರಿಂದ ಸಾಲ ಕೊಡುವ ಮುಂಚೆ ಬ್ಯಾಂಕು ನೋಡಿಕೊಳ್ಳುವುದು ಇದನ್ನೇ: ಹೊರಗೆ ಹೋಗುವಷ್ಟು ಹಣ ನನ್ನ ಹತ್ತಿರ ಇದೆಯಾ, ಮತ್ತು ಹೋದಷ್ಟೇ ಬೇರೆ ಕಡೆಯಿಂದ ಠೇವಣಿಯಾಗಿ ವಾಪಸ್ ಬರುತ್ತಾ? ಬ್ಯಾಂಕಿನವರು ಮಾರ್ಚ್ ತಿಂಗಳು ಬಂದರೆ "ಒಂದು ಎಫ್‌ಡಿ ಇಡ್ರಿ ಸಾರ್" ಅಂತ ಬೆನ್ನು ಬೀಳುವುದು ಸುಮ್ನೆ ಅಲ್ಲ.

ಸಾಲಕ್ಕೆ ಇನ್ನೊಂದು ಕಡಿವಾಣ ಸ್ವಂತ ಬಂಡವಾಳದ್ದು. ಸಾಲದಲ್ಲಿ ಏನಾದರೂ ಮುಳುಗಿದರೆ ಮೊದಲು ಕರಗುವುದು ಆ 10 ಕೋಟಿ. ಅದು ಇರುವವರೆಗೆ ಠೇವಣಿದಾರರಿಗೆ ಪೆಟ್ಟು ಬೀಳುವುದಿಲ್ಲ. ಎಷ್ಟು ಸಾಲಕ್ಕೆ ಎಷ್ಟು ಬಂಡವಾಳ ಇರಬೇಕು ಅನ್ನುವ ನಿಯಮ ಬೇರೆಯೇ ಇದೆ, ಮತ್ತು ನಿಜ ಹೇಳಬೇಕೆಂದರೆ ಮೀಸಲಿನ ಮೂರು ರೂಪಾಯಿಗಿಂತ ಅದೇ ಬ್ಯಾಂಕುಗಳ ಕೈ ಹೆಚ್ಚು ಕಟ್ಟುವುದು.

ಸರಿ, ಇಲ್ಲಿಯವರೆಗೆ ಎಲ್ಲಾ ನೆಟ್ಟಗಿದೆ. ಹಾಗಾದರೆ ತೊಂದರೆ ಎಲ್ಲಿ? ಅವಧಿಯಲ್ಲಿ. ಬ್ಯಾಂಕು ನಿಮಗೆ ಕೊಟ್ಟ ಮಾತು "ಯಾವಾಗ ಬೇಕಾದ್ರೂ ಬಂದು ತಗೊಳ್ಳಿ". ಉಳಿತಾಯ ಖಾತೆ ಬಿಡಿ, ಎಫ್‌ಡಿಯನ್ನೂ ಸ್ವಲ್ಪ ಬಡ್ಡಿ ಬಿಟ್ಟುಕೊಟ್ಟರೆ ಇವತ್ತೇ ಮುರಿಸಬಹುದು. ಆದರೆ ಬ್ಯಾಂಕಿಗೆ ಸಾಲಗಾರ ಕೊಟ್ಟ ಮಾತು "15 ವರ್ಷದಲ್ಲಿ ತಿಂಗಳು ತಿಂಗಳು ಕಟ್ತೀನಿ". ಸರಸ್ವತಿ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡ ಮೇಷ್ಟ್ರ ಬಾಗಿಲಿಗೆ ಹೋಗಿ "ಊರವರೆಲ್ಲಾ ಠೇವಣಿ ಕೇಳ್ತಿದ್ದಾರೆ, ಇವತ್ತೇ 30 ಲಕ್ಷ ಕಟ್ಟಿಬಿಡಿ ಸಾರ್" ಅನ್ನೋಕೆ ಆಗುತ್ತಾ? ಮೇಷ್ಟ್ರು ಒಂದು ಕಂತನ್ನೂ ತಪ್ಪಿಸಿಲ್ಲ. ಸಾಲ ಒಳ್ಳೆಯದೇ. ಇವತ್ತು ಮಾತ್ರ ಅದು ರೊಕ್ಕ ಅಲ್ಲ.

ಈಗ ಆ ನಮ್ಮ ಒಳ್ಳೆ ಬ್ಯಾಂಕಿಗೆ ಒಂದು ಕೆಟ್ಟ ವಾರ ಬಂತು ಅಂದುಕೊಳ್ಳಿ. ಯಾರೋ ಒಬ್ಬ ದೊಡ್ಡ ಸಾಲಗಾರ ದಿವಾಳಿಯಾದ ಅನ್ನೋ ಸುದ್ದಿ, ಅದೂ ಸುಳ್ಳು. ಸೋಮವಾರದಿಂದ ಜನ ಬರತೊಡಗಿ ವಾರದೊಳಗೆ 30 ಕೋಟಿ ಕೇಳಿದರು. ತಿಜೋರಿಯ 2 ಕೋಟಿ ಮೊದಲ ದಿನವೇ ಖಾಲಿ. ಬೇರೆ ಬ್ಯಾಂಕಿನಲ್ಲಿದ್ದ 5 ಕೋಟಿ ತರಿಸಿದರು. ಆಮೇಲೆ ಬಾಂಡ್ ಮಾರಬೇಕು. ಇಲ್ಲಿ ಒಂದು ಸಿಕ್ಕು ಇದೆ. ಬ್ಯಾಂಕು ಆ ಬಾಂಡ್‌ಗಳನ್ನು ತಗೊಂಡಾಗ ಬಡ್ಡಿ ಆರೂವರೆ ಪರ್ಸೆಂಟ್ ಇತ್ತು, ಈಗ ಮಾರುಕಟ್ಟೆಯಲ್ಲಿ ಏಳೂವರೆ. ಏಳೂವರೆ ಸಿಗುವಾಗ ಆರೂವರೆಯ ಹಳೇ ಬಾಂಡನ್ನು ಪೂರ್ತಿ ಬೆಲೆಗೆ ಯಾರು ತಗೊಳ್ಳುತ್ತಾರೆ? ಹತ್ತು ವರ್ಷದ ಬಾಂಡಾದರೆ 100 ರೂಪಾಯಿಯದ್ದು 93ಕ್ಕೆ ಹೋಗುತ್ತದೆ. 20 ಕೋಟಿ ಬಾಂಡಿಗೆ ಬಂದಿದ್ದು 18.6 ಕೋಟಿ. ಠೇವಣಿ ಇಳಿದಿದ್ದರಿಂದ ನಗದು ಮೀಸಲಿನಲ್ಲೂ 90 ಲಕ್ಷ ಬಿಡುಗಡೆಯಾಯಿತು. ಎಲ್ಲಾ ಸೇರಿ 26.5 ಕೋಟಿ. ಇನ್ನೂ ಮೂರೂವರೆ ಕೋಟಿ ಕಮ್ಮಿ ಬಿತ್ತು.

ಉಳಿದದ್ದು ಸಾಲಗಳನ್ನು ಬೇರೆ ಬ್ಯಾಂಕಿಗೆ ಮಾರುವುದು. ಅವಸರದಲ್ಲಿ ಮಾರುವವನಿಗೆ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ. 100ಕ್ಕೆ 85 ಕೊಟ್ಟರು ಅಂದುಕೊಂಡರೆ ಮೂರೂವರೆ ಕೋಟಿ ಹೊಂದಿಸಲು 4 ಕೋಟಿಗೂ ಮೇಲ್ಪಟ್ಟ ಸಾಲ ಕೈಬಿಟ್ಟಿತು. ಈವರೆಗೆ ಒಟ್ಟು ನಷ್ಟ ಸುಮಾರು 2 ಕೋಟಿ. ಸ್ವಂತ ಬಂಡವಾಳ 10ರಿಂದ 8ಕ್ಕೆ ಇಳಿಯಿತು. ಬ್ಯಾಂಕು ಇನ್ನೂ ಬದುಕಿದೆ. ಬಂದವರಿಗೆಲ್ಲಾ ಪೈಸೆ ಬಿಡದೆ ಕೊಟ್ಟಿದೆ. ಇಲ್ಲಿಗೆ ಕ್ಯೂ ಕರಗಿದರೆ ಕಥೆ ಮುಗಿಯಿತು.

ಕರಗಲಿಲ್ಲ ಅನ್ನಿ. ಮುಂದಿನ ವಾರ ಇನ್ನೂ 30 ಕೋಟಿ ಕೇಳಿದರು. ಈಗ ಮಾರಲು ಸಾಲ ಬಿಟ್ಟು ಬೇರೇನೂ ಇಲ್ಲ, ಕೊಳ್ಳುವವರಿಗೂ ಅದು ಗೊತ್ತು, ಆದ್ದರಿಂದ 100ಕ್ಕೆ 70 ಅನ್ನುತ್ತಾರೆ. ನಗದು ಮೀಸಲಿನಿಂದ ಮತ್ತೆ 90 ಲಕ್ಷ ಬಿಡುಗಡೆಯಾದರೂ, 30 ಕೋಟಿಯಲ್ಲಿ ಉಳಿದದ್ದನ್ನು ಹೊಂದಿಸಲು 41 ಕೋಟಿಗೂ ಹೆಚ್ಚು ಸಾಲ ಹೋಯಿತು, ಅದರಲ್ಲಿ ನಷ್ಟ ಹನ್ನೆರಡೂವರೆ ಕೋಟಿ. ಬಂಡವಾಳ ಪೂರ್ತಿ ಕರಗಿ ಇನ್ನೂ ನಾಲ್ಕೂವರೆ ಕೋಟಿ ಕೊರತೆ. ಈಗ ಬ್ಯಾಂಕಿನಲ್ಲಿ ಉಳಿದ ಆಸ್ತಿ 35.5 ಕೋಟಿ, ಆದರೆ ಕೊಡಬೇಕಾದ ಠೇವಣಿ 40 ಕೋಟಿ. ಎರಡು ವಾರದ ಹಿಂದೆ ಗಟ್ಟಿಯಾಗಿದ್ದ ಬ್ಯಾಂಕು ಈಗ ನಿಜವಾಗಿಯೂ ಮುಳುಗಿದೆ. ಒಬ್ಬ ಸಾಲಗಾರನೂ ಕೈಕೊಟ್ಟಿಲ್ಲ. ಸುಳ್ಳು ಸುದ್ದಿ ತನ್ನನ್ನು ತಾನೇ ನಿಜ ಮಾಡಿಕೊಂಡಿತು.

ಈ ಲೆಕ್ಕದಲ್ಲಿ ಮೀಸಲು 3ರ ಬದಲು 4 ಇದ್ದಿದ್ದರೆ ಏನಾಗುತ್ತಿತ್ತು ನೋಡಿ. ಒಂದು ಕೋಟಿ ಜಾಸ್ತಿ ಇರುತ್ತಿತ್ತು, ಅದೂ ಕಾನೂನು ಪ್ರಕಾರ ಎತ್ತಿಟ್ಟದ್ದು, ಹೋದ ಠೇವಣಿಯ ಪಾಲಷ್ಟೇ ಬಿಡಿಸಿಕೊಳ್ಳಬಹುದು. 60 ಕೋಟಿಯ ಕ್ಯೂ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೇ ಮೂರು ರೂಪಾಯಿ ಅಂತ ಗಾಬರಿ ಬೀಳುವುದು ದಂಡ ಅಂದದ್ದು.

ಜನ ಯಾಕೆ ಓಡಿ ಬರುತ್ತಾರೆ ಅನ್ನುವುದಕ್ಕೆ "ಜನಕ್ಕೆ ಬುದ್ಧಿ ಇಲ್ಲ" ಅಂತ ಹೇಳಿಬಿಡುವುದು ಸುಲಭ. ನನಗೆ ಒಪ್ಪಿಗೆ ಇಲ್ಲ. ಮೇಲಿನ ಲೆಕ್ಕವನ್ನೇ ನೋಡಿ, ಮೊದಲು ಬಂದ 60 ಕೋಟಿಯವರಿಗೆ ಪೂರ್ತಿ ಸಿಕ್ಕಿತು, ಮನೆಯಲ್ಲಿ ನಂಬಿಕೆಯಿಂದ ಕೂತಿದ್ದ 40 ಕೋಟಿಯವರು ಸಿಕ್ಕಿಬಿದ್ದರು. ನಷ್ಟವನ್ನು ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ, ಕ್ಯೂನಲ್ಲಿ ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ಹಂಚಿಕೆ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನವರು "ಆಮೇಲೆ ನೀರು ಬರುತ್ತೋ ಇಲ್ಲವೋ" ಅಂತ ಬೇಕಾದ್ದಕ್ಕಿಂತ ಜಾಸ್ತಿ ಹಾಯಿಸಿಕೊಳ್ಳುತ್ತಾರೆ, ಅವರು ಹಾಗೆ ಮಾಡಿದ್ದರಿಂದಲೇ ಕೆಳಗೆ ನೀರು ಬರುವುದಿಲ್ಲ. ಬ್ಯಾಂಕು ಚೆನ್ನಾಗಿದೆ ಅಂತ ನಿಮಗೆ ಗ್ಯಾರಂಟಿ ಇದ್ದರೂ, ಪಕ್ಕದ ಮನೆಯವರು ಹೆದರಿ ತೆಗೆಯುತ್ತಾರೆ ಅನ್ನಿಸಿದರೆ ನೀವೂ ಹೋಗುವುದೇ ಲೆಕ್ಕಕ್ಕೆ ಸರಿ. ಸುಮ್ನೆ ತೆಗೆದರೆ ನಷ್ಟ ಸ್ವಲ್ಪ ಬಡ್ಡಿ. ತೆಗೆಯದೆ ಉಳಿದರೆ ನಷ್ಟ ಅಸಲು.

1983ರಲ್ಲಿ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್‌ವಿಗ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಗಣಿತದಲ್ಲಿ ತೋರಿಸಿದರು. ಒಂದೇ ಬ್ಯಾಂಕಿಗೆ ಎರಡು ಗತಿ ಸಾಧ್ಯ. ಯಾರೂ ಓಡಿ ಬರದಿದ್ದರೆ ಯಾರಿಗೂ ಓಡಿ ಬರುವ ಕಾರಣ ಇರುವುದಿಲ್ಲ, ಎಲ್ಲರೂ ಓಡಿ ಬಂದರೆ ಎಲ್ಲರಿಗೂ ಕಾರಣ ಇರುತ್ತದೆ. ಎರಡರಲ್ಲಿ ಯಾವುದು ಆಗುತ್ತದೆ ಅನ್ನುವುದು ಬ್ಯಾಂಕಿನ ಲೆಕ್ಕಪುಸ್ತಕದಲ್ಲಿ ಇಲ್ಲ, ಜನ ಒಬ್ಬರ ಬಗ್ಗೆ ಒಬ್ಬರು ಏನಂದುಕೊಳ್ಳುತ್ತಾರೆ ಅನ್ನುವುದರಲ್ಲಿದೆ. 2022ರಲ್ಲಿ ಬೆನ್ ಬರ್ನಾಂಕೆ ಜೊತೆ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾಗಂತ ಎಲ್ಲಾ ಕ್ಯೂಗಳೂ ಒಂದೇ ತರಹ ಅಲ್ಲ. 2003ರ ಏಪ್ರಿಲ್‌ನಲ್ಲಿ ಗುಜರಾತಿನಲ್ಲಿ ಐಸಿಐಸಿಐ ಬ್ಯಾಂಕಿಗೆ ಹಣ ಇಲ್ಲ ಅನ್ನೋ ಗಾಳಿಸುದ್ದಿ ಎದ್ದು ಎಟಿಎಂಗಳ ಮುಂದೆ ಜನ ಜಮಾಯಿಸಿದರು. ರಿಸರ್ವ್ ಬ್ಯಾಂಕೇ ಮುಂದೆ ಬಂದು ಬ್ಯಾಂಕಿನ ಹತ್ತಿರ ಸಾಕಷ್ಟು ಹಣ ಇದೆ ಅಂತ ಹೇಳಿತು, ಕೇಳಿದವರಿಗೆಲ್ಲಾ ನೋಟು ಸಿಕ್ಕಿತು, ಕೆಲವೇ ದಿನದಲ್ಲಿ ಎಲ್ಲಾ ತಣ್ಣಗಾಯಿತು. ಅದು ಬರೀ ಭಯದ ಕ್ಯೂ. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಪಿಎಂಸಿ ಬ್ಯಾಂಕಿನದ್ದು ಹಾಗಲ್ಲ. ಅಲ್ಲಿ ಸಾಲದ ಮುಕ್ಕಾಲು ಪಾಲಿನ ಹತ್ತಿರ ಎಚ್‌ಡಿಐಎಲ್ ಅನ್ನುವ ಒಂದೇ ಕಟ್ಟಡ ಕಂಪನಿಯ ಗುಂಪಿಗೆ ಹೋಗಿತ್ತು, ಅದನ್ನು ಮುಚ್ಚಿಡಲು 21 ಸಾವಿರಕ್ಕೂ ಹೆಚ್ಚು ಸುಳ್ಳು ಖಾತೆ ತೋರಿಸಿದ್ದರು. ಅಲ್ಲಿ ಮುಂಚೆಯೇ ತೂತು ಬಿದ್ದಿತ್ತು. ಎಷ್ಟು ಧೈರ್ಯ ತುಂಬಿದರೂ ಆ ತೂತು ಮುಚ್ಚುತ್ತಿರಲಿಲ್ಲ.

ಕಷ್ಟ ಏನೆಂದರೆ ಕ್ಯೂನಲ್ಲಿ ನಿಂತವರಿಗೆ ಇದು ಯಾವ ತರಹದ್ದು ಅಂತ ಗೊತ್ತಾಗುವುದಿಲ್ಲ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಎರಡರಲ್ಲೂ ಅಧ್ಯಕ್ಷರು "ನಮ್ಮ ಬ್ಯಾಂಕ್ ಸುಭದ್ರವಾಗಿದೆ, ವದಂತಿ ನಂಬಬೇಡಿ" ಅಂತಲೇ ಹೇಳುತ್ತಾರೆ. ಬೇರೆ ಏನು ತಾನೇ ಹೇಳಬಹುದು?

ರಿಸರ್ವ್ ಬ್ಯಾಂಕಿಗೆ ಮಾತ್ರ ಒಳಗಿನ ಲೆಕ್ಕ ನೋಡುವ ಅಧಿಕಾರ ಇದೆ. ಬ್ಯಾಂಕು ಗಟ್ಟಿ ಇದ್ದು ಬರೀ ನಗದಿನ ಕೊರತೆ ಅಂತ ಕಂಡರೆ ಅದು ಬಾಂಡ್ ಅಡ ಇಟ್ಟುಕೊಂಡು ಸಾಲ ಕೊಡಬಹುದು. ನಮ್ಮ ಲೆಕ್ಕದಲ್ಲಿ ಇದು ಮೊದಲ ವಾರವೇ ಆಗಿದ್ದರೆ ಬಾಂಡನ್ನು ನಷ್ಟಕ್ಕೆ ಮಾರುವ ಗತಿ ಬರುತ್ತಿರಲಿಲ್ಲ, ಕೌಂಟರಿನಲ್ಲಿ ನೋಟಿನ ಕಟ್ಟು ಕಂಡಿದ್ದರೆ ಎರಡನೇ ವಾರದ ಕ್ಯೂ ಅರ್ಧಕ್ಕರ್ಧ ಬರುತ್ತಿರಲಿಲ್ಲ. ಒಳಗೇ ಕೊಳೆತಿದೆ ಅಂತ ಕಂಡರೆ ಕೆಲಸ ಬೇರೆ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಮಿನಡಿ ನಿರ್ಬಂಧ ಹಾಕಿ, ಇಷ್ಟಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ ಅನ್ನುತ್ತದೆ. ಪಿಎಂಸಿಯಲ್ಲಿ ಮೊದಲ ದಿನ ಆ ಮಿತಿ ಬರೀ 1,000 ರೂಪಾಯಿ. ಆಮೇಲೆ ಹಂತಹಂತವಾಗಿ ಏರಿಸಿದರು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ 35,000ದ ಮಿತಿ ಬಿದ್ದಾಗ ನಮ್ಮ ಕಡೆಯಲ್ಲೂ ಕೆಲವು ದಿನ ಅದೇ ಮಾತು.

ಈ ಮಿತಿಯನ್ನು ಜನ ಬೈಯುತ್ತಾರೆ. ಆಸ್ಪತ್ರೆ ಖರ್ಚಿಗೆ, ಮದುವೆಗೆ ಇಟ್ಟ ಸ್ವಂತ ದುಡ್ಡು ಸಿಗದಿದ್ದರೆ ಬೈಯದೆ ಇನ್ನೇನು ಮಾಡುತ್ತಾರೆ. ಆದರೆ ಮಿತಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಮೇಲಿನ ಲೆಕ್ಕದಲ್ಲಿ ನೋಡಿದಿರಿ. ಒಳಗಿನ ಸುದ್ದಿ ಮೊದಲು ಸಿಕ್ಕವರು, ದೊಡ್ಡ ಮೊತ್ತದವರು, ನಿರ್ದೇಶಕರ ಸ್ನೇಹಿತರು ಪೂರ್ತಿ ತಗೊಂಡು ಹೋಗಿರುತ್ತಾರೆ. ಪಿಂಚಣಿಯ ಅಜ್ಜಿ ಬರುವಷ್ಟರಲ್ಲಿ ತಿಜೋರಿಯಲ್ಲಿ ಏನೂ ಇರುವುದಿಲ್ಲ. ಬಾಗಿಲು ಹಾಕುವುದು ನಷ್ಟವನ್ನು ಇರುವವರಿಗೆಲ್ಲಾ ಹಂಚುವ ಒರಟು ದಾರಿ.

ಕ್ಯೂ ಈಗ ಬೀದಿಯಲ್ಲೇ ಆಗಬೇಕು ಅಂತಲೂ ಇಲ್ಲ. 2007ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಜನ ಫುಟ್‌ಪಾತ್ ಮೇಲೆ ಸಾಲುಗಟ್ಟಿ ನಿಂತ ಫೋಟೋಗಳು ಎಲ್ಲಾ ಕಡೆ ಬಂದವು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 42 ಬಿಲಿಯನ್ ಡಾಲರ್ ಹೊರಗೆ ಹೋಯಿತು, ಹೆಚ್ಚಿನದು ಕಂಪ್ಯೂಟರ್ ಮತ್ತು ಫೋನಿನಿಂದ. ಮರುದಿನಕ್ಕೆ ಇನ್ನೂ 100 ಬಿಲಿಯನ್ ಕೇಳಿದ್ದರು. ಅಷ್ಟರಲ್ಲಿ ಸರ್ಕಾರ ಬಾಗಿಲು ಹಾಕಿಸಿತು. ಆ ಬ್ಯಾಂಕಿಗೂ ಪೆಟ್ಟು ಬಿದ್ದಿದ್ದು ನಮ್ಮ ಲೆಕ್ಕದ ಬಾಂಡಿನ ಸಿಕ್ಕಿನಲ್ಲೇ. ಬಡ್ಡಿ ಕಡಿಮೆ ಇದ್ದಾಗ ಉದ್ದ ಅವಧಿಯ ಬಾಂಡ್ ತಗೊಂಡಿತ್ತು, ಬಡ್ಡಿ ಏರಿದ ಮೇಲೆ 1.8 ಬಿಲಿಯನ್ ನಷ್ಟಕ್ಕೆ ಮಾರಿದ್ದನ್ನು ತಾನೇ ಪ್ರಕಟಿಸಿತು. ಮರುದಿನವೇ ಓಟ ಶುರು. ನಮ್ಮಲ್ಲೂ ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆ ನಡೆಯುತ್ತದೆ. ಯುಪಿಐನಲ್ಲಿ ದಿನಕ್ಕೆ ಸಾಮಾನ್ಯವಾಗಿ ಒಂದು ಲಕ್ಷದ ಮಿತಿ ಇರುವುದರಿಂದ ಸಣ್ಣವರ ಓಟ ಸ್ವಲ್ಪ ನಿಧಾನ, ದೊಡ್ಡವರ ಓಟಕ್ಕೆ ಭಾನುವಾರ ರಾತ್ರಿಯೂ ಅಡ್ಡಿ ಇಲ್ಲ.

ಓಡಿ ಬರುವ ಕಾರಣವನ್ನೇ ತೆಗೆದುಹಾಕುವ ಉಪಾಯ ಒಂದಿದೆ, ಠೇವಣಿ ವಿಮೆ. ಕ್ಯೂನಲ್ಲಿ ಕೊನೆಯವನಿಗೂ ಸಿಗುತ್ತದೆ ಅಂತ ಖಾತ್ರಿ ಇದ್ದರೆ ಮೊದಲು ನಿಲ್ಲುವ ಹಠ ಯಾಕೆ? 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ನಮ್ಮ ದೇಶಕ್ಕೆ ಇದು ಬಂತು. 1962ರಲ್ಲಿ ಶುರುವಾದಾಗ ಒಬ್ಬರಿಗೆ 1,500 ರೂಪಾಯಿವರೆಗೆ. 1993ರಿಂದ ಒಂದು ಲಕ್ಷ. ಪಿಎಂಸಿ ಗಲಾಟೆಯ ನಂತರ 2020ರ ಫೆಬ್ರವರಿಯಲ್ಲಿ 5 ಲಕ್ಷ. ಇದನ್ನು ನಡೆಸುವುದು ರಿಸರ್ವ್ ಬ್ಯಾಂಕಿನದೇ ಸಂಸ್ಥೆಯಾದ ಡಿಐಸಿಜಿಸಿ, ಕಂತು ಕಟ್ಟುವುದು ಬ್ಯಾಂಕು. 2021ರ ತಿದ್ದುಪಡಿಯ ನಂತರ, ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೂ 90 ದಿನದೊಳಗೆ ವಿಮೆ ಹಣ ಕೊಡಬೇಕು ಅನ್ನುವ ನಿಯಮ ಬಂತು. ಅದಕ್ಕೂ ಮುಂಚೆ ಬ್ಯಾಂಕು ಪೂರ್ತಿ ಮುಚ್ಚುವವರೆಗೆ ವರ್ಷಗಟ್ಟಲೆ ಕಾಯಬೇಕಾಗಿತ್ತು. ನನ್ನ ಲೆಕ್ಕದಲ್ಲಿ 5 ಲಕ್ಷಕ್ಕಿಂತ ಈ 90 ದಿನವೇ ದೊಡ್ಡ ಬದಲಾವಣೆ.

5 ಲಕ್ಷ ಅಂದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ. ಅದೇ ಬ್ಯಾಂಕಿನ ಪಿ.ಜೆ. ಬಡಾವಣೆ ಶಾಖೆಯಲ್ಲಿ 4 ಲಕ್ಷ, ಹರಿಹರ ಶಾಖೆಯಲ್ಲಿ 4 ಲಕ್ಷ ಇಟ್ಟರೆ ಎರಡೂ ಕೂಡಿಸಿ 5ಕ್ಕೇ ನಿಲ್ಲಿಸುತ್ತಾರೆ. ಬೇರೆ ಬ್ಯಾಂಕಾದರೆ ಬೇರೆ 5. ಇದಕ್ಕಿಂತ ಮೇಲಿನದು ದೇವರ ಮೇಲೆ ಭಾರ ಅಂತೇನಿಲ್ಲ, ಬ್ಯಾಂಕಿನ ಆಸ್ತಿ ಮಾರಿ ಬಂದಷ್ಟು ಸಿಗುತ್ತದೆ, ಆದರೆ ನಿಧಾನ. ಪಿಎಂಸಿಯನ್ನು 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಸೇರಿಸಿದಾಗ ದೊಡ್ಡ ಠೇವಣಿದಾರರ ಉಳಿಕೆ ಹಣವನ್ನು ಹತ್ತು ವರ್ಷದವರೆಗೆ ಕಂತಿನಲ್ಲಿ ಕೊಡುವ ಯೋಜನೆ ಮಾಡಿದರು. ಹಾಗಾಗಿ ಓಟಕ್ಕೆ ಇನ್ನೂ ಕಾರಣ ಇರುವುದು ಮಿತಿಗಿಂತ ಮೇಲಿಟ್ಟವರಿಗೆ: ಗಿರಣಿ ಮಾಲೀಕರು, ಗಂಜ್‌ನ ವ್ಯಾಪಾರಿಗಳು, ಕರೆಂಟ್ ಖಾತೆಯಲ್ಲಿ ಸಂಬಳದ ಹಣ ಇಟ್ಟ ಕಂಪನಿಗಳು. ಸಿಲಿಕಾನ್ ವ್ಯಾಲಿ ಬ್ಯಾಂಕ್ ಅಷ್ಟು ವೇಗವಾಗಿ ಬಿದ್ದಿದ್ದಕ್ಕೂ ಇದೇ ಕಾರಣ. ಅಲ್ಲಿನ ಠೇವಣಿಯಲ್ಲಿ ಶೇ 90ಕ್ಕೂ ಹೆಚ್ಚು ವಿಮೆಯ ಮಿತಿಯಿಂದ ಆಚೆಗಿತ್ತು.

ದಾವಣಗೆರೆ, ಚಿತ್ರದುರ್ಗದವರು ಮೂರು ರೂಪಾಯಿ ಮೀಸಲಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು ಇನ್ನೊಂದು ಕಡೆ ಕಣ್ಣು ಹಾಯಿಸುವುದು ಒಳ್ಳೆಯದು. ಇಲ್ಲಿ ಬೀದಿಗೊಂದು ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇದೆ. ಬ್ಯಾಂಕಿಗಿಂತ ಒಂದೆರಡು ಪರ್ಸೆಂಟ್ ಬಡ್ಡಿ ಜಾಸ್ತಿ, ಕೌಂಟರಿನಲ್ಲಿ ಪರಿಚಯದ ಮುಖ, ಪಿಗ್ಮಿ ಕಟ್ಟಿಸಿಕೊಳ್ಳಲು ಅಂಗಡಿಗೇ ಬರುತ್ತಾರೆ. ಬಹಳಷ್ಟು ಸಂಘಗಳು ವರ್ಷಗಳಿಂದ ಚೆನ್ನಾಗಿ ನಡೆದಿವೆ. ಆದರೆ ಅವುಗಳೂ ಮಾಡುವುದು ಇದೇ ಕೆಲಸ, ಬೇಡಿದಾಗ ಕೊಡುವ ಠೇವಣಿ ತಗೊಂಡು ವರ್ಷಗಟ್ಟಲೆಯ ಸಾಲ ಕೊಡುವುದು. ವ್ಯತ್ಯಾಸ ಏನೆಂದರೆ ಅವು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕುಗಳಲ್ಲ. ಕಷ್ಟಕ್ಕೆ ಬಿದ್ದಾಗ ರಿಸರ್ವ್ ಬ್ಯಾಂಕಿನಿಂದ ಸಾಲ ಸಿಗುವುದಿಲ್ಲ, ಮತ್ತು ಅಲ್ಲಿನ ಠೇವಣಿಗೆ ಡಿಐಸಿಜಿಸಿ ವಿಮೆ ಒಂದು ರೂಪಾಯಿಯೂ ಇಲ್ಲ. ಕೆಲವು ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಅಂತ ಬಳಸುತ್ತಿರುವುದು ಕಾನೂನಿಗೆ ವಿರುದ್ಧ ಅಂತ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಪ್ರಕಟಣೆ ಕೊಟ್ಟು ಜನರನ್ನು ಎಚ್ಚರಿಸಿತ್ತು. ಡಿಐಸಿಜಿಸಿಯ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪೂರ್ತಿ ಪಟ್ಟಿ ಇದೆ, ಸಹಕಾರ ಬ್ಯಾಂಕುಗಳದ್ದೂ ಸೇರಿ. ನೀವು ಹಣ ಇಟ್ಟಿರುವ ಸಂಸ್ಥೆಯ ಹೆಸರು ಅದರಲ್ಲಿ ಇದೆಯಾ ಅಂತ ನೋಡಲು ಐದು ನಿಮಿಷ ಸಾಕು.